ಹಗಲಿನ ಹಾಲ್‌ನಲ್ಲಿ ಟಿವಿ: ಕಿಟಕಿಯ ಪ್ರತಿಬಿಂಬ ತಪ್ಪಿಸಿ ಬ್ಯಾಕ್‌ಲೈಟ್ ಹೊಂದಿಸುವ ಕ್ರಮ

ಕಾರವಾರದಲ್ಲಿ ಕಡಲ ಕಡೆಗೆ ಮುಖ ಮಾಡಿದ ಮನೆಗಳಲ್ಲಿ ಹಾಲ್‌ನ ದೊಡ್ಡ ಕಿಟಕಿ ಪಶ್ಚಿಮಕ್ಕೇ ಇರುತ್ತದೆ. ಗಾಳಿ ಬರುವುದೂ ಅಲ್ಲಿಂದ, ಸಂಜೆಯ ಕಡಲು ಕಾಣುವುದೂ ಅಲ್ಲಿಂದ. ಹಾಗಾಗಿ ಟಿವಿಗೆ ಉಳಿಯುವುದು ಎದುರಿನ ಪೂರ್ವದ ಗೋಡೆ. ಮಧ್ಯಾಹ್ನದ ಊಟ ಮುಗಿಸಿ ಕ್ರಿಕೆಟ್ ಹಾಕಿದರೆ ಪರದೆಯ ನಟ್ಟನಡುವೆ ಕಿಟಕಿಯ ಸರಳುಗಳು, ತೆಂಗಿನ ಗರಿ, ಅದರಾಚೆಯ ಬಿಳಿ ಆಕಾಶ ಎಲ್ಲ ಕಾಣುತ್ತವೆ, ಚೆಂಡು ಮಾತ್ರ ಕಾಣುವುದಿಲ್ಲ. ಆಗ ಹೆಚ್ಚಿನವರು ರಿಮೋಟ್ ತೆಗೆದುಕೊಂಡು Brightness ಪೂರ್ತಿ ಏರಿಸುತ್ತಾರೆ, ಇಲ್ಲವೇ Vivid ಹಾಕುತ್ತಾರೆ. ಚಿತ್ರ ಬೆಳ್ಳಗಾಗುತ್ತದೆ, ಕಿಟಕಿ ಇದ್ದಲ್ಲೇ ಇರುತ್ತದೆ.

ಹೀಗಾಗುವುದಕ್ಕೆ ಕಾರಣ ತಿಳಿದುಕೊಂಡರೆ ಮುಂದಿನ ಕೆಲಸದ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಆದ್ದರಿಂದ ಮೊದಲು ಸಣ್ಣದೊಂದು ಲೆಕ್ಕ.

ಬ್ಯಾಕ್‌ಲೈಟ್ ಒಂದರಿಂದಲೇ ಯಾಕೆ ಆಗುವುದಿಲ್ಲ

ಪರದೆ ಎಷ್ಟು ಬೆಳಗುತ್ತದೆ ಎಂಬುದನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಮನೆಗಳಲ್ಲಿರುವ ಸಾಧಾರಣ 43 ಇಂಚಿನ ಎಲ್‌ಇಡಿ ಟಿವಿಯ ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ, ಪೂರ್ತಿ ಏರಿಸಿದಾಗ ಬಿಳಿ ಬಣ್ಣ ಸುಮಾರು 300 ನಿಟ್ಸ್ ಬರುತ್ತದೆ ಎಂದಿಟ್ಟುಕೊಳ್ಳಿ. ಕಿಟಕಿಯಲ್ಲಿ ಕಾಣುವ ಹಗಲಿನ ಆಕಾಶ ಸುಲಭವಾಗಿ 4000 ನಿಟ್ಸ್ ಇರುತ್ತದೆ. ವಿಶೇಷ ಲೇಪನವಿಲ್ಲದ ಗಾಜು ಅಥವಾ ಪ್ಲಾಸ್ಟಿಕ್ಕಿನ ಮೇಲ್ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 4% ಭಾಗವನ್ನು ಹಿಂದಕ್ಕೆ ಕಳಿಸುತ್ತದೆ. 4000ದ 4% ಅಂದರೆ 160 ನಿಟ್ಸ್. ಕಿಟಕಿಯ ಪ್ರತಿಬಿಂಬ ಬಿದ್ದ ಜಾಗದಲ್ಲಿ ಟಿವಿ ಕಪ್ಪು ತೋರಿಸಿದರೂ ನಿಮ್ಮ ಕಣ್ಣಿಗೆ 160 ನಿಟ್ಸ್ ಬೆಳಕು ಬಂದೇ ಬರುತ್ತದೆ.

ಬ್ಯಾಕ್‌ಲೈಟ್ ಅರ್ಧದಲ್ಲಿದ್ದು ಬಿಳಿ 150 ನಿಟ್ಸ್ ಇದ್ದರೆ, ಆ ಜಾಗದ ಬಿಳಿ 310, ಕಪ್ಪು 160. ಎರಡಕ್ಕೂ ಇರುವ ಅಂತರ ಎರಡು ಪಟ್ಟಿಗಿಂತ ಕಡಿಮೆ. ಬ್ಯಾಕ್‌ಲೈಟ್ ಪೂರ್ತಿ ಏರಿಸಿದರೆ ಬಿಳಿ 460 ಆಗುತ್ತದೆ, ಕಪ್ಪು 160ರಲ್ಲೇ ಉಳಿಯುತ್ತದೆ. ಅಂತರ ಮೂರು ಪಟ್ಟಿಗೂ ಮುಟ್ಟಲಿಲ್ಲ. ಆದರೆ ಅದೇ ಜಾಗದಲ್ಲಿ ಕಿಟಕಿಯ ಬದಲು ಹಾಲ್‌ನ ಸುಣ್ಣದ ಗೋಡೆ ಪ್ರತಿಬಿಂಬಿಸಿದರೆ ಏನಾಗುತ್ತದೆ ನೋಡಿ. ಗೋಡೆ ಹೆಚ್ಚೆಂದರೆ 60-70 ನಿಟ್ಸ್ ಇರುತ್ತದೆ. ಅದರ 4% ಮೂರು ನಿಟ್ಸ್ ಕೂಡ ಆಗುವುದಿಲ್ಲ. ಈಗ ಬಿಳಿಗೂ ಕಪ್ಪಿಗೂ ಅಂತರ ನೂರು ಪಟ್ಟು.

ಆದ್ದರಿಂದ ಮೊದಲು ಕಿಟಕಿಯನ್ನು ಪರದೆಯಿಂದ ಆಚೆಗೆ ಕಳಿಸಬೇಕು, ಆಮೇಲೆ ಬ್ಯಾಕ್‌ಲೈಟ್ ಮುಟ್ಟಬೇಕು. ಈ ಕ್ರಮ ತಲೆಕೆಳಗಾದರೆ ಗಂಟೆಗಟ್ಟಲೆ ಮೆನುವಿನಲ್ಲಿ ಓಡಾಡಿದರೂ ಫಲ ಸಿಗುವುದಿಲ್ಲ.

ಟಿವಿ ಆರಿಸಿ, ಪರದೆಯಲ್ಲಿ ಏನು ಕಾಣುತ್ತದೆ ನೋಡಿ

ಈ ಕೆಲಸವನ್ನು ತೊಂದರೆ ಇರುವ ಹೊತ್ತಿನಲ್ಲೇ ಮಾಡಬೇಕು. ಪಶ್ಚಿಮದ ಕಿಟಕಿಯಾದರೆ ಮಧ್ಯಾಹ್ನ ಮೂರು-ನಾಲ್ಕರ ಹೊತ್ತು. ಟಿವಿ ಆರಿಸಿ, ನೀವು ದಿನಾ ಕೂರುವ ಜಾಗದಲ್ಲೇ ಕೂತು ಕಪ್ಪು ಪರದೆಯನ್ನು ನೋಡಿ. ಅಲ್ಲಿ ಬೆಳ್ಳಗೆ ಕಾಣುವ ಪ್ರತಿಯೊಂದೂ ಚಿತ್ರ ಹಾಕಿದಾಗ ಅದರ ಮೇಲೆ ಕೂರುತ್ತದೆ. ಪರದೆ ಮಂಕಾದ ಬಗೆಯದಾಗಿದ್ದು ಬರೀ ಮಬ್ಬು ಬೆಳಕು ಕಂಡರೆ, ಮನೆಯವರೊಬ್ಬರು ಒಂದೊಂದೇ ಕಿಟಕಿಯ ಮುಂದೆ ದಪ್ಪ ಚಾದರ ಹಿಡಿದು ನಿಲ್ಲಲಿ. ಯಾವ ಕಿಟಕಿ ಮುಚ್ಚಿದಾಗ ಮಬ್ಬು ಹೋಯಿತೋ ಅದೇ ಕಾರಣ. ಎಲ್ಲ ಕಿಟಕಿಗಳೂ ತಪ್ಪಿತಸ್ಥ ಅಲ್ಲ. ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು. ಟಿವಿ ಇರುವ ಗೋಡೆಯಲ್ಲೇ ಇರುವ ಕಿಟಕಿ ಕಣ್ಣಿಗೆ ಚುಚ್ಚಬಹುದು, ಆದರೆ ಅದು ಪರದೆಯಲ್ಲಿ ಕಾಣುವುದಿಲ್ಲ.

ಘಟ್ಟದ ಮೇಲೆ, ಸಿರ್ಸಿ ಕಡೆಯ ಹಂಚಿನ ಮನೆಗಳಲ್ಲಿ ಸಮಸ್ಯೆಯ ರೂಪ ಬೇರೆ. ಒಳಗೆ ಕತ್ತಲೆಯೇ ಇರುತ್ತದೆ, ಆದರೆ ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಹಾಕಿರುತ್ತಾರೆ. ಟಿವಿ ಸ್ವಲ್ಪ ಮೇಲ್ಮುಖವಾಗಿದ್ದರೆ ಆ ಹಂಚು ಪರದೆಯ ಮೇಲ್ಭಾಗದಲ್ಲಿ ಬಿಳಿ ಚೌಕವಾಗಿ ಕೂರುತ್ತದೆ. ಟಿವಿಯನ್ನು ಐದು ಡಿಗ್ರಿ ಕೆಳಕ್ಕೆ ಬಾಗಿಸಿದರೆ ಸಾಕು, ಅದು ಹೋಗುತ್ತದೆ. ಇನ್ನೊಂದು, ಅಡಿಕೆ ಒಣಗಿಸುವ ಅಂಗಳ. ಬಿಸಿಲು ಬಿದ್ದ ಸಿಮೆಂಟಿನ ಅಂಗಳ ಜಗಲಿಯ ಬಾಗಿಲಿನಿಂದ ಕಿಟಕಿಯಷ್ಟೇ ಬೆಳಕು ಒಳಗೆ ಎಸೆಯುತ್ತದೆ. ಅಂಗಳಕ್ಕೆ ಚಪ್ಪರ ಇರುವ ತಿಂಗಳುಗಳಲ್ಲಿ ಅದೇ ಹಾಲ್‌ನ ಚಿತ್ರ ಚೆನ್ನಾಗಿ ಕಾಣುವುದಕ್ಕೆ ಇದೇ ಕಾರಣ.

ಟಿವಿ ಎಷ್ಟು ತಿರುಗಿಸಬೇಕು: ಒಂದು ಹಾಲ್‌ನ ಲೆಕ್ಕ

ಪರದೆಯನ್ನು ಕನ್ನಡಿ ಎಂದೇ ತಿಳಿಯಿರಿ. ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಪ್ರತಿಬಿಂಬ ಎರಡು ಡಿಗ್ರಿ ಸರಿಯುತ್ತದೆ. ನಮಗೆ ಅನುಕೂಲವಾಗುವುದು ಇದೇ.

12 ಅಡಿ ಅಗಲ, 14 ಅಡಿ ಉದ್ದದ ಹಾಲ್. ಪೂರ್ವದ ಗೋಡೆಯಲ್ಲಿ 43 ಇಂಚಿನ ಟಿವಿ. ಅದರ ಪರದೆಯ ಅಗಲ 37 ಇಂಚಿಗೆ ಸ್ವಲ್ಪ ಮೇಲೆ, ಅಂದರೆ ಮೂರು ಅಡಿ ಚಿಲ್ಲರೆ. ಸೋಫಾ ಟಿವಿಯಿಂದ 8 ಅಡಿ ದೂರ. ಕಡಲ ಕಡೆಯ ಕಿಟಕಿ ಟಿವಿಗೆ ಸರಿಯಾಗಿ ಎದುರಿಗೆ, 14 ಅಡಿ ದೂರದಲ್ಲಿ, 4 ಅಡಿ ಅಗಲ. ನಡುವೆ ಕೂತವರಿಗೆ ಈ ಪರದೆಯಲ್ಲಿ ಹಿಂದಿನ ಗೋಡೆಯ ಸುಮಾರು ಎಂಟೂವರೆ ಅಡಿ ಅಗಲ ಕಾಣುತ್ತದೆ, ಹಾಗಾಗಿ ಕಿಟಕಿ ಪರದೆಯ ಅರ್ಧದಷ್ಟು ಅಗಲವನ್ನು ತಿನ್ನುತ್ತದೆ.

ಟಿವಿಯನ್ನು 8 ಡಿಗ್ರಿ ತಿರುಗಿಸಿದರೆ ಪ್ರತಿಬಿಂಬ 16 ಡಿಗ್ರಿ ಸರಿಯುತ್ತದೆ. 14 ಅಡಿ ದೂರದಲ್ಲಿ ಅದು 4 ಅಡಿ ಆಗುತ್ತದೆ. ಕಿಟಕಿ ನಡುವಿನಿಂದ ಹೋಯಿತು, ಆದರೆ ಪರದೆಯ ಒಂದು ಅಂಚಿನಲ್ಲಿ ಬಿಳಿ ಪಟ್ಟಿಯಾಗಿ ಉಳಿಯಿತು. 12 ಡಿಗ್ರಿ ತಿರುಗಿಸಿದರೆ ಆರು ಅಡಿಗಿಂತ ಹೆಚ್ಚು ಸರಿದು ಆ ಪಟ್ಟಿಯೂ ಹೊರಗೆ ಹೋಗುತ್ತದೆ. ಕೋನಮಾಪಕ ಬೇಕಿಲ್ಲ. ಈ ಅಳತೆಯ ಟಿವಿಗೆ 12 ಡಿಗ್ರಿ ಅಂದರೆ ಒಂದು ಅಂಚು ಇನ್ನೊಂದಕ್ಕಿಂತ ಸುಮಾರು 8 ಅಂಗುಲ ಮುಂದಕ್ಕೆ ಬರುವುದು. ಅಡಿಪಟ್ಟಿ ಹಿಡಿದು ನೋಡಬಹುದು. ಸ್ಟ್ಯಾಂಡ್ ಮೇಲಿಟ್ಟ ಟಿವಿಯಾದರೆ ಕೈಯಿಂದಲೇ ತಿರುಗಿಸಿ. ಗೋಡೆಗೆ ಅಂಟಿಕೊಂಡ ಬ್ರ್ಯಾಕೆಟ್ ಇದ್ದರೆ ಆಗದು. ತೋಳಿರುವ, ಮುಂದಕ್ಕೆ ಎಳೆದು ತಿರುಗಿಸಬಲ್ಲ ಬ್ರ್ಯಾಕೆಟ್ ಬೇಕು. ತೆಗೆದುಕೊಳ್ಳುವ ಮುನ್ನ ಟಿವಿಯ ಬೆನ್ನಿನ ನಾಲ್ಕು ತೂತುಗಳ ನಡುವಿನ ಅಳತೆ ಮತ್ತು ಟಿವಿಯ ತೂಕ ಬರೆದುಕೊಂಡು ಹೋಗಿ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಟಿವಿ ಯಾವ ಕಡೆಗೆ ಮುಖ ತಿರುಗಿಸಿತೋ ಆ ಕಡೆಯ ಕುರ್ಚಿಯಲ್ಲಿ ಕೂತವರಿಗೆ ಈಗ ಕಿಟಕಿ ಕಾಣಲು ಶುರುವಾಗುತ್ತದೆ. ಮೇಲಿನ ಹಾಲ್‌ನಲ್ಲಿ ಟಿವಿಯನ್ನು ಉತ್ತರಕ್ಕೆ 12 ಡಿಗ್ರಿ ತಿರುಗಿಸಿದರೆ, ಸೋಫಾದ ನಡುವಿನಿಂದ ಉತ್ತರಕ್ಕೆ ಮೂರೂವರೆ ಅಡಿ ದೂರ ಕೂತ ಅಜ್ಜನಿಗೆ ಇಡೀ ಕಿಟಕಿ ಪರದೆಯ ನಡುವೆ ಬಂದು ಕೂರುತ್ತದೆ. ಆದ್ದರಿಂದ ಯಾರೂ ಕೂರದ ಕಡೆಗೆ ತಿರುಗಿಸಿ, ಅಥವಾ ಆ ಕುರ್ಚಿಯನ್ನು ಇನ್ನೊಂದು ಪಕ್ಕಕ್ಕೆ ಹಾಕಿ. ತಿರುಗಿಸಿದ ಮೇಲೆ ಒಂದೊಂದು ಕುರ್ಚಿಯಲ್ಲೂ ಒಮ್ಮೆ ಕೂತು ನೋಡುವುದನ್ನು ಬಿಡಬೇಡಿ. 15 ಡಿಗ್ರಿ ದಾಟಿಸುವುದೂ ಒಳ್ಳೆಯದಲ್ಲ; ಹಲವು ಎಲ್‌ಇಡಿ ಪ್ಯಾನೆಲ್‌ಗಳು ಓರೆಯಿಂದ ನೋಡಿದಾಗ ತಾವೇ ಬಿಳಿಚಿಕೊಳ್ಳುತ್ತವೆ.

ಟಿವಿಯನ್ನು ಕೆಳಕ್ಕೆ ಬಾಗಿಸುವುದೂ ಒಂದು ದಾರಿ. ಆದರೆ ಆಗ ಪರದೆಯಲ್ಲಿ ಕಾಣುವುದು ನೆಲ. ನೆಲಕ್ಕೆ ಹೊಳೆಯುವ ಬಿಳಿ ಟೈಲ್ಸ್ ಹಾಕಿದ್ದು, ಅದರ ಮೇಲೆ ಕಿಟಕಿಯ ಬಿಸಿಲು ಬಿದ್ದಿದ್ದರೆ ಒಂದು ಪ್ರತಿಬಿಂಬ ಹೋಗಿ ಇನ್ನೊಂದು ಬರುತ್ತದೆ. ಆ ಜಾಗಕ್ಕೆ ಗಾಢ ಬಣ್ಣದ ಜಮಖಾನ ಹಾಸಿದರೆ ಸರಿಹೋಗುತ್ತದೆ.

ಕಿಟಕಿಯ ಬಟ್ಟೆ ಎಲ್ಲಿ, ಎಂಥದ್ದು

ಟಿವಿ ಅಲ್ಲಾಡಿಸಲು ಆಗದಿದ್ದರೆ ಕಿಟಕಿಗೆ ಬಟ್ಟೆ ಹಾಕಲೇಬೇಕು. ತೆಳ್ಳನೆಯ ಬಿಳಿ ಬಟ್ಟೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಮೇಲೆ ನೇರ ಬಿಸಿಲು ಬಿದ್ದಾಗ ಅದೇ ಬೆಳಗುವ ಹಲಗೆಯಾಗುತ್ತದೆ. ಕಿಟಕಿಯ ಸರಳು ಕಾಣುವುದು ನಿಂತೀತು, ಬಿಳಿ ಚೌಕ ನಿಲ್ಲುವುದಿಲ್ಲ. ಹಿಂಬದಿಗೆ ದಪ್ಪ ಅಸ್ತರಿ ಕೊಟ್ಟ ಗಾಢ ಬಣ್ಣದ ಬಟ್ಟೆ ಬೇಕು, ಅದೂ ಪರದೆಯಲ್ಲಿ ಕಾಣುವ ಆ ಒಂದು ಕಿಟಕಿಗೆ ಮಾತ್ರ. ಉಳಿದ ಕಿಟಕಿಗಳನ್ನು ತೆರೆದಿಡಿ. ಏಪ್ರಿಲ್-ಮೇ ಸೆಕೆಯಲ್ಲಿ ಕರಾವಳಿಯ ಹಾಲ್ ಅನ್ನು ಪೂರ್ತಿ ಮುಚ್ಚಿಕೊಂಡು ಕೂರುವುದು ಆಗುವ ಮಾತಲ್ಲ, ಅದರ ಅಗತ್ಯವೂ ಇಲ್ಲ. ಕಿಟಕಿಯ ಹೊರಗೆ ಬಿದಿರಿನ ಚಿಕ್ ಇಳಿಬಿಟ್ಟರೆ ಗಾಳಿಯೂ ಉಳಿಯುತ್ತದೆ, ಆದರೆ ಕಡ್ಡಿಗಳ ಸಂದಿಯಿಂದ ಬೆಳಕಿನ ಗೆರೆಗಳು ಬಂದರೆ ಎರಡು ಪದರ ಬೇಕಾಗುತ್ತದೆ.

ಈಗ ರಿಮೋಟ್

ಮೊದಲು ಎರಡು ಅಡ್ಡಿಗಳನ್ನು ತೆಗೆಯಿರಿ. ವಿದ್ಯುತ್ ಉಳಿತಾಯದ ಆಯ್ಕೆ, ಅಂದರೆ Energy Saving ಅಥವಾ Power Saving, ಆನ್ ಇದ್ದರೆ ನೀವು ಏನೇ ಏರಿಸಿದರೂ ಬ್ಯಾಕ್‌ಲೈಟ್‌ಗೆ ಅದು ಮಿತಿ ಹಾಕುತ್ತದೆ. ಅದನ್ನು Off ಮಾಡಿ. ಹಾಗೆಯೇ ಕೋಣೆಯ ಬೆಳಕು ನೋಡಿ ತಾನೇ ಹೊಂದಿಸುವ ಸೆನ್ಸರ್ ಆಯ್ಕೆಯನ್ನೂ ಸದ್ಯಕ್ಕೆ Off ಮಾಡಿ. ಆ ಸೆನ್ಸರ್ ಸಾಮಾನ್ಯವಾಗಿ ಟಿವಿಯ ಕೆಳ ಅಂಚಿನಲ್ಲಿರುತ್ತದೆ. ಅದರ ಮುಂದೆ ಸೌಂಡ್‌ಬಾರ್ ಅಥವಾ ಹೂದಾನಿ ಇದ್ದರೆ ಮಟಮಟ ಮಧ್ಯಾಹ್ನದಲ್ಲೂ ಅದು ಕತ್ತಲೆ ಎಂದುಕೊಂಡು ಚಿತ್ರವನ್ನು ಮಂಕು ಮಾಡುತ್ತದೆ. ಚಿತ್ರ ಕಾರಣವಿಲ್ಲದೆ ಏರಿಳಿಯುತ್ತಿದೆ ಎನಿಸಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ಆಮೇಲೆ ಪಿಕ್ಚರ್ ಮೋಡ್. ಹಗಲಿಗೆ Standard ಇಟ್ಟುಕೊಂಡು ಅದನ್ನು ತಿದ್ದುವುದು ಸರಿಯಾದ ದಾರಿ. Vivid ಅಥವಾ Dynamic ಬೆಳಕು ಹೆಚ್ಚು ಕೊಡುತ್ತದೆ ನಿಜ, ಆದರೆ ಜೊತೆಗೆ ಬಿಳಿಯನ್ನು ನೀಲಿಗೆ ತಿರುಗಿಸುತ್ತದೆ, ಬಣ್ಣಗಳನ್ನು ಅತಿಯಾಗಿ ಕೆರಳಿಸುತ್ತದೆ. ಯಕ್ಷಗಾನದ ಒಂದು ರೆಕಾರ್ಡಿಂಗ್ ಹಾಕಿ ನೋಡಿ, ತಕ್ಷಣ ಗೊತ್ತಾಗುತ್ತದೆ. Vividನಲ್ಲಿ ಕಿರೀಟದ ಚಿನ್ನದ ಬಣ್ಣದ ಕುಸುರಿ ಎಲ್ಲ ಸೇರಿ ಒಂದೇ ಹಳದಿ ಮುದ್ದೆಯಾಗುತ್ತದೆ, ಕೆಂಪು ಬಟ್ಟೆಯ ನೆರಿಗೆಗಳು ಮಾಯವಾಗುತ್ತವೆ. ನಮಗೆ ಬೇಕಾದದ್ದು ಅದರ ಬೆಳಕು ಮಾತ್ರ, ಅದನ್ನು Standardನಲ್ಲೇ ಪಡೆಯಬಹುದು. ಎಲ್‌ಜಿ ಟಿವಿಗಳಲ್ಲಿ Expert ಮೋಡ್ ಎರಡು ಬಗೆಯಲ್ಲಿ ಸಿಗುತ್ತದೆ, ಬೆಳಕಿನ ಕೋಣೆಗೊಂದು, ಕತ್ತಲ ಕೋಣೆಗೊಂದು. ಅಲ್ಲಿ ಬೆಳಕಿನ ಕೋಣೆಯದನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. Movie ಅಥವಾ Cinema ಮೋಡ್ ಅನ್ನು ರಾತ್ರಿಗೆ ಬಿಡಿ.

ಬ್ಯಾಕ್‌ಲೈಟ್ ಹುಡುಕುವಾಗ ಹೆಸರಿನ ಗೊಂದಲಕ್ಕೆ ಸಿಕ್ಕಿಹಾಕಿಕೊಳ್ಳಬೇಡಿ. ಕೆಲವು ಟಿವಿಗಳಲ್ಲಿ Backlight, Brightness ಎರಡೂ ಬೇರೆಬೇರೆ ಇರುತ್ತವೆ. ಅಲ್ಲಿ Backlight ಹಿಂದಿನ ದೀಪವನ್ನು ಹೊಂದಿಸುತ್ತದೆ, Brightness ಬರೀ ಕಪ್ಪಿನ ಮಟ್ಟವನ್ನು ಮೇಲೆ-ಕೆಳಗೆ ಮಾಡುತ್ತದೆ. ಸೋನಿಯ ಈಚಿನ ಟಿವಿಗಳಲ್ಲಿ ಹಾಗಲ್ಲ: Brightness ಎಂದರೇ ಹಿಂದಿನ ದೀಪ, ಕಪ್ಪಿನ ಮಟ್ಟಕ್ಕೆ Black level ಎಂಬ ಬೇರೆ ಹೆಸರಿದೆ. ಸ್ಯಾಮ್‌ಸಂಗ್‌ನ ಹೊಸ ಟಿವಿಗಳಲ್ಲೂ Brightness ಹಿಂದಿನ ದೀಪವೇ. ಯಾವುದು ಯಾವುದೆಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ಬೆಳ್ಳನೆಯ ಚಿತ್ರವೊಂದನ್ನು ನಿಲ್ಲಿಸಿ, ಆ ಆಯ್ಕೆಯನ್ನು ಸೊನ್ನೆಗೆ ಇಳಿಸಿ. ಇಡೀ ಚಿತ್ರ ಸಮನಾಗಿ ಮಂಕಾಗಿ, ನೆರಳಿನ ಭಾಗದ ವಿವರ ಹಾಗೇ ಉಳಿದರೆ ಅದು ಹಿಂದಿನ ದೀಪ. ಕೂದಲು, ಕಪ್ಪು ಪ್ಯಾಂಟು, ಮರದ ನೆರಳು ಎಲ್ಲ ಒಂದೇ ಮಸಿಯಾದರೆ ಅದು ಕಪ್ಪಿನ ಮಟ್ಟ.

ಹಿಂದಿನ ದೀಪವನ್ನು ಪೂರ್ತಿ ಏರಿಸಿ, ಐದು ನಿಮಿಷ ಹಾಗೇ ನೋಡಿ. ಬಿಳಿ ಭಾಗ ಕಣ್ಣು ಕುಕ್ಕಿದರೆ ಐದೈದೇ ಅಂಕ ಇಳಿಸುತ್ತ ಬನ್ನಿ. ಕಿಟಕಿ ಪರದೆಯಿಂದ ಹೋಗಿದ್ದರೆ, ಅಂಕಗಳು 100ರವರೆಗೆ ಇರುವ ಟಿವಿಯಲ್ಲಿ ಹಗಲಿಗೆ 80ರಿಂದ 100ರ ನಡುವೆ ಎಲ್ಲೋ ನಿಲ್ಲುತ್ತದೆ. ಹೋಗಿಲ್ಲದಿದ್ದರೆ 100 ಕೂಡ ಸಾಲದೆನಿಸುತ್ತದೆ. ಹಾಗೆನಿಸಿದರೆ ರಿಮೋಟ್ ಕೆಳಗಿಟ್ಟು ಕಿಟಕಿಯ ಕಡೆಗೇ ಮತ್ತೆ ಹೋಗಿ.

ಕಪ್ಪಿನ ಮಟ್ಟವನ್ನು ಕಾರ್ಖಾನೆಯ ಅಂಕದಲ್ಲೇ ಬಿಡಿ, ಹೆಚ್ಚಿನ ಟಿವಿಗಳಲ್ಲಿ ಅದು 50. ಮಬ್ಬಿಗೆ ಮದ್ದು ಎಂದು ಇದನ್ನು ಏರಿಸುವುದೇ ಅತಿ ಸಾಮಾನ್ಯ ತಪ್ಪು. ಪ್ರತಿಬಿಂಬದಿಂದ ಈಗಾಗಲೇ ಎತ್ತರಕ್ಕೆ ಬಂದ ಕಪ್ಪನ್ನು ಅದು ಇನ್ನಷ್ಟು ಎತ್ತುತ್ತದೆ. Contrast 85ರಿಂದ 95ರ ಒಳಗಿರಲಿ. ಟೆಸ್ಟ್ ಪಂದ್ಯದ ಆಟಗಾರರ ಬಿಳಿ ಅಂಗಿಯ ಮಡಿಕೆಗಳು ಕಾಣುವವರೆಗೆ ಏರಿಸಬಹುದು, ಅಂಗಿ ಸುಣ್ಣದ ಹಲಗೆಯಂತಾದರೆ ಹೆಚ್ಚಾಯಿತೆಂದು ತಿಳಿಯಿರಿ.

ಹಗಲಿನಲ್ಲಿ ಕತ್ತಲ ದೃಶ್ಯಗಳು ಕಾಣದೇ ಹೋಗುವ ಸಮಸ್ಯೆಗೆ ನಿಜವಾದ ಉತ್ತರ ಗಾಮಾ. ಗಾಮಾ ಕಪ್ಪನ್ನೂ ಬಿಳಿಯನ್ನೂ ಮುಟ್ಟದೆ ನಡುವಿನ ಛಾಯೆಗಳನ್ನು ಮಾತ್ರ ಮೇಲೆತ್ತುತ್ತದೆ. ಮೆನುವಿನಲ್ಲಿ 1.9, 2.2, 2.4 ಎಂದು ಅಂಕಗಳಿದ್ದರೆ ರಾತ್ರಿಗೆ 2.4, ಹಗಲಿಗೆ 2.2, ಅಷ್ಟಕ್ಕೂ ಕಾಣದಿದ್ದರೆ 1.9. ಅಂಕ ಇಳಿದಷ್ಟೂ ನೆರಳು ತಿಳಿಯಾಗುತ್ತದೆ. ಸೋನಿ, ಸ್ಯಾಮ್‌ಸಂಗ್‌ನಲ್ಲಿ ಸೊನ್ನೆಯ ಆಚೀಚೆ ಮೂರು-ಮೂರು ಹೆಜ್ಜೆಗಳಿದ್ದರೆ ಅಲ್ಲಿ ಪ್ಲಸ್ ಕಡೆಗೆ ಒಂದು ಹೆಜ್ಜೆ ಸಾಕು. ರಾತ್ರಿಯ ಯಕ್ಷಗಾನದ ಚಿತ್ರದಲ್ಲಿ ವೇಷಧಾರಿಯ ಹಿಂದಿನ ಕಪ್ಪು ಬಟ್ಟೆಯ ನೆರಿಗೆ ಕಾಣಬೇಕು, ಆದರೆ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಬಾರದು. ಎರಡರ ನಡುವಿನ ಆ ಹೆಜ್ಜೆಯಲ್ಲಿ ನಿಲ್ಲಿಸಿ.

ಬಣ್ಣದ ಉಷ್ಣತೆಯನ್ನು ರಾತ್ರಿಗೆ Warm ಇಟ್ಟಿದ್ದರೆ ಹಗಲಿನ ನೀಲಿ ಬೆಳಕಿನಲ್ಲಿ ಅದು ಹಳದಿಯಾಗಿ ಕಾಣುತ್ತದೆ. ಹಗಲಿನ ಮೋಡ್‌ನಲ್ಲಿ Standard ಇಡಿ, Cool ಬೇಡ.

ಇನ್ನೊಂದು ಕಳ್ಳನಿದ್ದಾನೆ. ಓಟದ ದೃಶ್ಯ ಸ್ಪಷ್ಟವಾಗಲೆಂದು ಚೌಕಟ್ಟುಗಳ ನಡುವೆ ಕಪ್ಪು ಸೇರಿಸುವ ಆಯ್ಕೆ. ಸ್ಯಾಮ್‌ಸಂಗ್‌ನಲ್ಲಿ LED Clear Motion, ಸೋನಿಯಲ್ಲಿ Clearness ಎಂಬ ಹೆಸರಲ್ಲಿ ಮೆನುವಿನ ಆಳದಲ್ಲಿ ಅಡಗಿರುತ್ತದೆ. ಅದು ಆನ್ ಇದ್ದರೆ ಬೆಳಕು ಬಹಳಷ್ಟು ಕಡಿಮೆಯಾಗುತ್ತದೆ. ಹಗಲಿನಲ್ಲಿ ಅದನ್ನು Off ಮಾಡಿ.

ಹೊಂದಿಸಿದ ಮೇಲೂ ಸರಿಬಾರದಿದ್ದರೆ

ಕೇಬಲ್ ಬಾಕ್ಸ್‌ನಲ್ಲಿ ಚೆನ್ನಾಗಿದ್ದ ಚಿತ್ರ ಟಿವಿಯೊಳಗಿನ ಆ್ಯಪ್‌ನಲ್ಲಿ ಮತ್ತೆ ಮಂಕಾದರೆ ಗಾಬರಿ ಬೇಡ. ಹಲವು ಟಿವಿಗಳು ಪ್ರತಿ ಇನ್‌ಪುಟ್‌ಗೂ ಬೇರೆ ಬೇರೆ ಲೆಕ್ಕ ಇಟ್ಟುಕೊಳ್ಳುತ್ತವೆ. ಎಲ್ಲ ಇನ್‌ಪುಟ್‌ಗಳಿಗೂ ಇದೇ ಅನ್ವಯಿಸು ಎಂಬ ಆಯ್ಕೆ ಪಿಕ್ಚರ್ ಮೆನುವಿನಲ್ಲಿ ಇರುತ್ತದೆ, ಅದನ್ನು ಒತ್ತಿ. ಟಿವಿ ಆರಿಸಿ ಹಾಕಿದಾಗಲೆಲ್ಲ ಮೊದಲಿನಂತಾಗುತ್ತಿದ್ದರೆ ಅದು ಅಂಗಡಿಯ ಮೋಡ್‌ನಲ್ಲಿದೆ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ Home ಎಂದು ಬದಲಿಸಿ.

ಎಚ್‌ಡಿಆರ್ ಸಿನಿಮಾಗಳು ಹಗಲಿನಲ್ಲಿ ಕತ್ತಲಾಗಿ ಕಾಣುವುದು ದೋಷವಲ್ಲ. ಅವುಗಳಲ್ಲಿ ಪ್ರತಿ ಛಾಯೆ ಎಷ್ಟು ನಿಟ್ಸ್ ಇರಬೇಕೆಂದು ಮೊದಲೇ ಬರೆದಿರುತ್ತದೆ, ಅದೂ ಕತ್ತಲ ಕೋಣೆಗೆಂದು. ಬ್ಯಾಕ್‌ಲೈಟ್ ಕೂಡ ಅಲ್ಲಿ ಆಗಲೇ ಮೇಲಿನ ಮಿತಿಯಲ್ಲಿರುತ್ತದೆ. Dolby Vision Bright ಎಂಬ ಮೋಡ್ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಆ ಸಿನಿಮಾವನ್ನು ಸಂಜೆಗೆ ಇಟ್ಟುಕೊಳ್ಳಿ.

ಮಕ್ಕಳ ಚೆಂಡಿಗೆ ಹೆದರಿ ಪರದೆಯ ಮುಂದೆ ತೂಗುಹಾಕಿದ ಅಕ್ರಿಲಿಕ್ ಗಾರ್ಡ್ ಇದ್ದರೆ ಮೇಲಿನ ಯಾವ ಕೆಲಸವೂ ಪೂರ್ತಿ ಫಲ ಕೊಡುವುದಿಲ್ಲ. ಅದಕ್ಕೆ ಹಿಂದೆ ಮುಂದೆ ಎರಡು ಹೊಳಪಿನ ಮೇಲ್ಮೈ; ಒಂದೊಂದೂ ತನ್ನ 4% ಸೇರಿಸುತ್ತದೆ. ಹಗಲಿನಲ್ಲಿ ನೋಡುವಾಗ ಅದನ್ನು ತೆಗೆದಿಡಿ.

ಕಡಲ ಗಾಳಿಯ ಮನೆಗಳಲ್ಲಿ ಪರದೆಯ ಮೇಲೆ ಉಪ್ಪು ಮತ್ತು ಧೂಳಿನ ತೆಳು ಪದರ ಕೂರುತ್ತದೆ. ಎದುರಿನಿಂದ ಕಾಣದು, ಓರೆ ಬಿಸಿಲು ಬಿದ್ದಾಗ ಮಾತ್ರ ಹಾಲಿನಂತೆ ಬೆಳ್ಳಗೆ ಕಾಣುತ್ತದೆ, ಅದನ್ನು ಪ್ರತಿಬಿಂಬವೆಂದೇ ತಿಳಿಯುತ್ತಾರೆ. ಟಿವಿ ಆರಿಸಿ, ತಣ್ಣಗಾದ ಮೇಲೆ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೊದಲು ಧೂಳು ತೆಗೆಯಿರಿ. ಉಪ್ಪು ಒಣ ಬಟ್ಟೆಗೆ ಬರುವುದಿಲ್ಲ. ಡಿಸ್ಟಿಲ್ಡ್ ನೀರಿನಿಂದ ಬಟ್ಟೆಯನ್ನು ಬರೀ ತೇವ ಮಾಡಿ, ಒತ್ತದೆ ಒರೆಸಿ, ಇನ್ನೊಂದು ಒಣ ಬಟ್ಟೆಯಿಂದ ಮುಗಿಸಿ. ನೀರನ್ನು ಪರದೆಗೆ ನೇರ ಸಿಂಪಡಿಸಬೇಡಿ, ಕೆಳ ಅಂಚಿನಿಂದ ಒಳಗೆ ಇಳಿಯುತ್ತದೆ. ಗಾಜು ಒರೆಸುವ ದ್ರವ, ಸ್ಪಿರಿಟ್ ತಾಗಿಸಿದರೆ ಪ್ರತಿಬಿಂಬ ತಡೆಯುವ ಲೇಪನವೇ ಕಿತ್ತುಬರಬಹುದು.

ರಾತ್ರಿ ಮರೆಯದೆ Movie ಅಥವಾ Cinema ಮೋಡ್‌ಗೆ ಬದಲಿಸಿ, ಅಲ್ಲಿ ಹಿಂದಿನ ದೀಪ 30ರಿಂದ 50 ಇದ್ದರೆ ಸಾಕು. ಕಣ್ಣಿಗೆ ಮಾತ್ರವಲ್ಲ, ಟಿವಿಗೂ ಇದು ಬೇಕು. ಸೆಕೆಯ ಊರಿನಲ್ಲಿ ಹಗಲೂ ರಾತ್ರಿ 100ರಲ್ಲೇ ಉರಿಸಿದರೆ ಹಿಂದಿನ ಎಲ್‌ಇಡಿ ಪಟ್ಟಿಗಳು ಬಿಸಿಗೆ ಬೇಗ ಸೋಲುತ್ತವೆ. ಪರದೆಯಲ್ಲಿ ಒಂದು ಕಡೆ ಮಂಕಾದ ಮಚ್ಚೆ ಕಂಡರೆ, ಇಲ್ಲವೇ ಧ್ವನಿ ಬಂದು ಚಿತ್ರ ಬಾರದಿದ್ದರೆ, ಆ ಪಟ್ಟಿಗಳ ಮೇಲೆಯೇ ಮೊದಲ ಅನುಮಾನ ಬರಬೇಕು.

ಡಿಸೆಂಬರ್‌ನಲ್ಲಿ ಒಮ್ಮೆ ಮತ್ತೆ ಟಿವಿ ಆರಿಸಿ ಪರದೆ ನೋಡಿ. ಕಾರವಾರದಲ್ಲಿ ಜೂನ್‌ನಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಮುಳುಗಿದರೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಮೇ ತಿಂಗಳಲ್ಲಿ ಗೋಡೆಯ ಮೇಲಿದ್ದ ಬಿಸಿಲಿನ ಚೌಕ ಆಗ ಪರದೆಯ ಮೇಲೆ ಅಥವಾ ಟಿವಿಯ ಮುಂದಿನ ನೆಲದ ಮೇಲೆ ಬಿದ್ದಿರಬಹುದು. ಬಿದ್ದಿದ್ದರೆ ಬಟ್ಟೆಯನ್ನು ಕಿಟಕಿಯ ದಕ್ಷಿಣದ ಅಂಚಿಗೆ ಎಳೆದುಕೊಳ್ಳಿ. ಬ್ಯಾಕ್‌ಲೈಟ್‌ನ ಅಂಕ ಬದಲಿಸುವ ಅಗತ್ಯವಿಲ್ಲ.